ಮುಚ್ಚಿದ ಗಡಿಯನ್ನು ನಾಲ್ಕು ಪ್ರಶ್ನೆಗಳಲ್ಲಿ ತೂಗಿ ನೋಡುವುದು ಹೇಗೆ?

2020ರ ಮಾರ್ಚ್ ಕೊನೆಯಲ್ಲಿ, ಕೋವಿಡ್ ಹರಡುತ್ತಿದ್ದಾಗ, ಕರ್ನಾಟಕವು ಕೇರಳದ ಕಾಸರಗೋಡಿನ ಕಡೆಯ ದಾರಿಗಳನ್ನು ಮುಚ್ಚಿತು. ತಲಪಾಡಿಯಲ್ಲಿ ಹೆದ್ದಾರಿಗೆ ತಡೆ ಬಿತ್ತು, ಒಳರಸ್ತೆಗಳಿಗೆ ಮಣ್ಣು ಸುರಿದರು. ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ದೊಡ್ಡ ಕಾಯಿಲೆ ಬಂದರೆ ಮಂಗಳೂರೇ ಗತಿ. ಆಂಬುಲೆನ್ಸುಗಳು ವಾಪಸಾದವು, ಚಿಕಿತ್ಸೆ ಸಿಗದೆ ಕೆಲವರು ತೀರಿಕೊಂಡರು ಎಂದು ಪತ್ರಿಕೆಗಳು ಬರೆದವು. ಆ ಮಾತು ಎದ್ದಾಗಲೆಲ್ಲ ನಮ್ಮಲ್ಲಿ ಎರಡೇ ವಾದ. “ಸೋಂಕು ತಡೆಯಲಿಕ್ಕೆ ಮುಚ್ಚಿದ್ದು, ಯಾರನ್ನೂ ಕೊಲ್ಲಲಿಕ್ಕೆ ಅಲ್ಲ” ಎಂದು ಒಬ್ಬರು. “ಹಾಗಾದರೆ ಸತ್ತವರು ಸುಮ್ಮನೆ ಸತ್ತರೇ?” ಎಂದು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ನಿಜ ಇರುವುದರಿಂದಲೇ ಈ ಜಗಳ ಮುಗಿಯುವುದಿಲ್ಲ.

ಒಂದೇ ಕೆಲಸದಿಂದ ಒಳ್ಳೆಯದೂ ಕೆಟ್ಟದ್ದೂ ಒಟ್ಟಿಗೆ ಹುಟ್ಟುವಾಗ ಅದನ್ನು ಮಾಡಬಹುದೇ ಎಂದು ಕೇಳಲು ನೀತಿಶಾಸ್ತ್ರದಲ್ಲಿ ಹಳೆಯದೊಂದು ಸಾಧನವಿದೆ. ಅದರ ಹೆಸರು ದ್ವಿಪರಿಣಾಮ ತತ್ತ್ವ. 13ನೇ ಶತಮಾನದಲ್ಲಿ ಕ್ರೈಸ್ತ ಧರ್ಮಪಂಡಿತ ಥಾಮಸ್ ಅಕ್ವಿನಾಸ್ ಆತ್ಮರಕ್ಷಣೆಯ ಬಗ್ಗೆ ಬರೆಯುತ್ತಾ ಇದರ ಬೀಜ ಹಾಕಿದ. ಜೀವ ಉಳಿಸಿಕೊಳ್ಳಲು ತಡೆದಾಗ ಮೇಲೆ ಬಿದ್ದವನು ಸತ್ತರೆ, ಸಾವು ಉದ್ದೇಶವಾಗಿರಲಿಲ್ಲ. ಆದರೆ ಬೇಕಾದ್ದಕ್ಕಿಂತ ಹೆಚ್ಚು ಬಲ ಬಳಸಿದರೆ ತಪ್ಪು ತಪ್ಪೇ. ನಂತರದ ಕ್ಯಾಥೊಲಿಕ್ ಪಂಡಿತರು ಇದನ್ನೇ ನಾಲ್ಕು ಷರತ್ತುಗಳಾಗಿ ಬೆಳೆಸಿದರು.

ಗಡಿಯ ಪ್ರಶ್ನೆಗೆ ಕೈ ಹಾಕುವ ಮೊದಲು ಹಳಿಯ ಮೇಲೆ ಸ್ವಲ್ಪ ಅಭ್ಯಾಸ ಮಾಡೋಣ. 1967ರಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಫಿಲಿಪಾ ಫುಟ್ ಒಂದು ಟ್ರಾಮಿನ ಕಥೆ ಹೇಳಿದರು. ಟ್ರಾಮ್ ಹಿಡಿತ ತಪ್ಪಿ ಓಡುತ್ತಿದೆ. ಮುಂದಿನ ಹಳಿಯಲ್ಲಿ ಐದು ಮಂದಿ ಕೆಲಸಗಾರರು, ಪಕ್ಕದ ಹಳಿಯಲ್ಲಿ ಒಬ್ಬ. ಚಾಲಕನಿಗೆ ಸಾಧ್ಯವಿರುವುದು ಹಳಿ ಬದಲಿಸುವುದು ಮಾತ್ರ. ಬದಲಿಸಲಿ ಎಂದು ಹೆಚ್ಚಿನವರು ಹೇಳುತ್ತಾರೆ. ಅದರ ಜೊತೆಗೇ ಫುಟ್ ಇನ್ನೊಂದನ್ನು ಇಟ್ಟರು, ಜನ ಇದನ್ನು ಮರೆತುಬಿಡುತ್ತಾರೆ. ಒಂದು ಅಪರಾಧಕ್ಕೆ ಯಾರನ್ನಾದರೂ ಶಿಕ್ಷಿಸದಿದ್ದರೆ ಊರಿನ ಒಂದು ಪಂಗಡದ ಮೇಲೆ ರಕ್ತದ ಸೇಡು ತೀರಿಸುತ್ತೇವೆ ಎಂದು ಗುಂಪೊಂದು ಕೂಗುತ್ತಿದೆ. ಹಲವರ ಜೀವ ಉಳಿಸಲು ನ್ಯಾಯಾಧೀಶ ಒಬ್ಬ ನಿರಪರಾಧಿಯ ಮೇಲೆ ಆರೋಪ ಹೊರಿಸಿ ಗಲ್ಲಿಗೇರಿಸಬಹುದೇ? ಇಲ್ಲೂ ಒಬ್ಬನ ಸಾವಿನಿಂದ ಹಲವರು ಉಳಿಯುತ್ತಾರೆ. ಆದರೂ ಯಾರೂ ಹೂಂ ಅನ್ನುವುದಿಲ್ಲ.

ಪಕ್ಕದ ಹಳಿಯವನು ಹಾರಿ ತಪ್ಪಿಸಿಕೊಂಡರೆ ಚಾಲಕನಿಗೆ ಸಂತೋಷ, ಅವನ ಯೋಜನೆ ಏನೂ ಕೆಡುವುದಿಲ್ಲ. ನಿರಪರಾಧಿ ಜೈಲಿನಿಂದ ತಪ್ಪಿಸಿಕೊಂಡರೆ ನ್ಯಾಯಾಧೀಶನ ಯೋಜನೆಯೇ ಹಾಳು. ಅವನಿಗೆ ಆ ಸಾವು ಬೇಕೇ ಬೇಕು. ದ್ವಿಪರಿಣಾಮ ತತ್ತ್ವ ಇಬ್ಬರ ನಡುವೆ ಗೆರೆ ಎಳೆಯುವುದು ಇಲ್ಲಿ.

ಈಗ ಆ ನಾಲ್ಕು ಷರತ್ತುಗಳನ್ನು ನಾಲ್ಕು ಪ್ರಶ್ನೆಗಳಾಗಿ ಹಿಡಿದು ಗಡಿಗೆ ಬರೋಣ.

ಹಂತ 1: ಕೆಲಸ ಏನೆಂದು ಬರೆದುಕೊಳ್ಳಿ

ಫಲಿತಾಂಶವನ್ನು ಬದಿಗಿಟ್ಟು ಮಾಡಿದ್ದೇನು ಎಂದಷ್ಟೇ ಬರೆಯಿರಿ. “ಸಾಂಕ್ರಾಮಿಕದ ಕಾಲದಲ್ಲಿ ರಸ್ತೆ ಮುಚ್ಚಿದರು.” ಅದೇ ಒಂದು ಘೋರ ಕೃತ್ಯವೇ? ಅಲ್ಲ, ಆಗ ದೇಶವಿಡೀ ಓಡಾಟ ನಿಂತಿತ್ತು. ಮೊದಲ ಪ್ರಶ್ನೆಯಲ್ಲಿ ಪಾಸು.

ಹಂತ 2: ಕೆಟ್ಟದ್ದು ನಡೆಯದಿದ್ದರೆ ಬೇಸರವಾಗುತ್ತಿತ್ತೇ ಎಂದು ಕೇಳಿ

ಉದ್ದೇಶವನ್ನು ತಿಳಿಯಲು ಎದೆ ಬಗೆದು ನೋಡಬೇಕಾಗಿಲ್ಲ. ಆ ರೋಗಿಗಳೆಲ್ಲ ಹೇಗೋ ಬದುಕಿ ಉಳಿದಿದ್ದರೆ ಮುಚ್ಚಿದವರ ಲೆಕ್ಕ ತಪ್ಪುತ್ತಿತ್ತೇ? ಇಲ್ಲ. ಸಾವು ಮೊದಲೇ ಊಹಿಸಬಹುದಾಗಿದ್ದ ಪರಿಣಾಮ, ಬಯಸಿದ್ದಲ್ಲ. ಕಾಸರಗೋಡಿನ ನಮ್ಮ ಕಡೆಯವರಿಗೆ ಈ ಉತ್ತರ ಕಹಿಯಾದರೂ ನ್ಯಾಯವಾಗಿ ನೋಡಿದರೆ ಇದೇ ಸರಿ.

ಇಲ್ಲೊಂದು ಮೋಸದ ದಾರಿ ಇದೆ. “ನಾನು ರಸ್ತೆಗೆ ಮಣ್ಣು ಹಾಕಿದ್ದಷ್ಟೇ, ಆಂಬುಲೆನ್ಸ್ ತಡೆಯುವ ಉದ್ದೇಶ ನನಗಿರಲಿಲ್ಲ” ಎಂದು ಯಾರಾದರೂ ಹೇಳಬಹುದು. ಉದ್ದೇಶವನ್ನು ಹೀಗೆ ಸಣ್ಣದಾಗಿ ಕತ್ತರಿಸುತ್ತಾ ಹೋದರೆ ಜಗತ್ತಿನಲ್ಲಿ ಯಾರೂ ಯಾವ ಕೇಡನ್ನೂ ಬಯಸಿರುವುದಿಲ್ಲ. ಮಣ್ಣು ಹಾಕಿದ್ದೇ ವಾಹನ ದಾಟದಿರಲಿ ಎಂದು. ಹಾಗಾಗಿ ತಡೆಯುವುದು ಉದ್ದೇಶದ ಒಳಗೇ ಬರುತ್ತದೆ, ಸಾವು ಮಾತ್ರ ಹೊರಗೆ ಉಳಿಯುತ್ತದೆ. ಈ ಎರಡನ್ನು ಬೆರೆಸಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಹಂತ 3: ಒಳ್ಳೆಯದು ಕೆಟ್ಟದ್ದರ ಮೂಲಕ ಬಂತೇ?

ಸೋಂಕು ತಗ್ಗುವುದಾದರೆ ಅದು ಜನ ದಾಟದಿರುವುದರಿಂದ. ಹೃದ್ರೋಗಿಯ ಸಾವಿನಿಂದ ಅಲ್ಲ. ನ್ಯಾಯಾಧೀಶನ ಕಥೆಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಮೂರನೆಯದರಲ್ಲೂ ಪಾಸು.

ಹಂತ 4: ಕೇಡಿಗೆ ತಕ್ಕಷ್ಟು ಕಾರಣ ಇದೆಯೇ, ಬೇರೆ ದಾರಿ ಇತ್ತೇ?

“ಉದ್ದೇಶ ಒಳ್ಳೆಯದಿತ್ತು” ಎನ್ನುವವರು ಎರಡನೇ ಹಂತದಲ್ಲೇ ಚರ್ಚೆ ಮುಗಿಯಿತೆಂದು ಎದ್ದು ಹೋಗುತ್ತಾರೆ. ಅಸಲು ಪರೀಕ್ಷೆ ಇರುವುದು ಇಲ್ಲಿ.

ಟ್ರಾಮಿನ ಕಥೆಯಲ್ಲಿ ಐದು ಮತ್ತು ಒಂದು ಎಂಬ ಲೆಕ್ಕ ಖಚಿತ. ಮೂರನೇ ಹಳಿ ಇಲ್ಲ, ಯೋಚಿಸಲು ಸಮಯವೂ ಇಲ್ಲ. ಗಡಿಯಲ್ಲಿ ಒಂದು ಕಡೆ ಇಂದೇ ಡಯಾಲಿಸಿಸ್ ಆಗಬೇಕಾದ ನಿರ್ದಿಷ್ಟ ಮನುಷ್ಯ. ಇನ್ನೊಂದು ಕಡೆ ಅವನಿಂದ ಯಾರಿಗೋ ಸೋಂಕು ತಗಲಬಹುದೆಂಬ ಸಾಧ್ಯತೆ. ಆಗ ಕೇರಳದಲ್ಲಿ ಹೆಚ್ಚು ಪ್ರಕರಣಗಳಿದ್ದ ಜಿಲ್ಲೆ ಕಾಸರಗೋಡು ಎಂಬುದು ಸತ್ಯ, ಭಯಕ್ಕೆ ಆಧಾರವಿತ್ತು. ಆದರೆ ಆ ಭಯ ಎಲ್ಲ ವಾಹನಗಳನ್ನು ತಡೆಯಲು ಕಾರಣ ಕೊಡುತ್ತದೆಯೇ ಹೊರತು ತುರ್ತು ರೋಗಿಯ ಆಂಬುಲೆನ್ಸನ್ನೂ ತಡೆಯಬೇಕೆಂದು ಹೇಳುವುದಿಲ್ಲ.

ಅಮೆರಿಕದ ಚಿಂತಕ ಮೈಕಲ್ ವಾಲ್ಜರ್ 1977ರಲ್ಲಿ ಯುದ್ಧದ ನೀತಿ ಚರ್ಚಿಸುತ್ತಾ ಈ ಹಂತಕ್ಕೆ ಒಂದು ಮಾತು ಸೇರಿಸಿದರು. ಕೇಡನ್ನು ಬಯಸದಿದ್ದರೆ ಸಾಲದು, ಅದನ್ನು ತಗ್ಗಿಸಲು ತನ್ನ ಮೇಲೆ ಖರ್ಚು, ಅಪಾಯ ಎಳೆದುಕೊಂಡಾದರೂ ಪ್ರಯತ್ನಿಸಬೇಕು. ಗಡಿಯಲ್ಲಿ ಹಾಗೆಂದರೆ ತಪಾಸಣೆಗೆ ಡಾಕ್ಟರರನ್ನು ಕೂರಿಸುವುದು, ಆಂಬುಲೆನ್ಸಿಗೆ ಒಂದು ದಾರಿ ಬಿಡುವುದು.

ಇದೆಲ್ಲ ಆಗದ ಮಾತೇ? ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಸುವಂತೆ ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ತುರ್ತು ರೋಗಿಗಳನ್ನು ಬಿಡುವ ಕ್ರಮಕ್ಕೆ ಎರಡೂ ರಾಜ್ಯಗಳು ಒಪ್ಪಿವೆ ಎಂದು ಏಪ್ರಿಲ್ 7ರಂದು ಅಲ್ಲಿ ತಿಳಿಸಲಾಯಿತು. ಏಪ್ರಿಲಿನಲ್ಲಿ ಆದದ್ದು ಮಾರ್ಚಿನಲ್ಲೂ ಆಗಬಹುದಿತ್ತು. ಅಂದರೆ ಮೂರನೇ ಹಳಿ ಇತ್ತು. ನನ್ನ ಲೆಕ್ಕದಲ್ಲಿ ಗಡಿ ಮುಚ್ಚಿದ್ದು ತಪ್ಪಲ್ಲ, ರೋಗಿಗೆ ಬಾಗಿಲು ಇಡದೆ ಮುಚ್ಚಿದ್ದು ತಪ್ಪು.

ಹಂತ 5: ಬೇರೊಂದು ಅಳತೆಗೋಲಿನಿಂದ ತಾಳೆ ನೋಡಿ

ಟ್ರಾಮಿನ ಕಥೆ ಕಟ್ಟಿದ ಫುಟ್ ಅವರಿಗೇ ದ್ವಿಪರಿಣಾಮ ತತ್ತ್ವ ಸಾಕೆನಿಸಲಿಲ್ಲ. ಅವರ ಪ್ರಕಾರ ನಿಜವಾದ ಗೆರೆ ಇರುವುದು ಕೇಡು ಮಾಡಬಾರದೆಂಬ ಕರ್ತವ್ಯ ಮತ್ತು ನೆರವಾಗಬೇಕೆಂಬ ಕರ್ತವ್ಯಗಳ ನಡುವೆ. ಮೊದಲನೆಯದು ಹೆಚ್ಚು ಬಿಗಿ. ಚಾಲಕ ಯಾವ ಹಳಿ ಹಿಡಿದರೂ ಕೇಡು ಮಾಡುವವನೇ, ಹಾಗಾಗಿ ಕಡಿಮೆ ಕೇಡನ್ನು ಆರಿಸುತ್ತಾನೆ. ನ್ಯಾಯಾಧೀಶ ಮಾತ್ರ ಹಲವರಿಗೆ ನೆರವಾಗಲು ಹೋಗಿ ಒಬ್ಬನಿಗೆ ಕೇಡು ಮಾಡುತ್ತಾನೆ.

ಗಡಿಗೆ ಈ ಅಳತೆ ಹಿಡಿದರೆ ವಾದ ಬೇರೆ ಕಡೆ ಹೊರಳುತ್ತದೆ. ಮಂಗಳೂರಿನ ಆಸ್ಪತ್ರೆಯೊಂದು “ನಮ್ಮಲ್ಲಿ ಹಾಸಿಗೆ ಖಾಲಿ ಇಲ್ಲ” ಎಂದಿದ್ದರೆ ಅದು ನೆರವು ಕೊಡಲಾಗದ ಸಂಗತಿ, ಅದಕ್ಕೆ ಕ್ಷಮೆ ಸುಲಭ. ಹಾಸಿಗೆ ಇದ್ದು, ಡಾಕ್ಟರ್ ಇದ್ದು, ರೋಗಿ ತನ್ನದೇ ಗಾಡಿಯಲ್ಲಿ ಸಾರ್ವಜನಿಕ ರಸ್ತೆಯಲ್ಲಿ ಹೋಗುತ್ತಿದ್ದಾಗ ಆ ರಸ್ತೆಯನ್ನು ಅಡ್ಡಗಟ್ಟುವುದನ್ನು “ನೆರವು ಕೊಡಲಿಲ್ಲ, ಅಷ್ಟೇ” ಎಂದು ಕರೆಯಲಾಗದು. ಅದು ಸಿಗುತ್ತಿದ್ದ ನೆರವಿಗೆ ಅಡ್ಡ ನಿಲ್ಲುವುದು, ಫುಟ್ ಅವರ ಗೆರೆಯ ಬಿಗಿಯಾದ ಕಡೆಗೆ ಬರುತ್ತದೆ. “ನಮ್ಮ ರಾಜ್ಯದ ಆಸ್ಪತ್ರೆ, ನಮ್ಮವರಿಗೆ ಮೊದಲು” ಎಂಬ ವಾದ ಆಸ್ಪತ್ರೆಯ ಬಾಗಿಲಲ್ಲಿ ಅಲ್ಪಸ್ವಲ್ಪ ನಿಂತೀತು, ತಲಪಾಡಿಯ ಹೆದ್ದಾರಿಯಲ್ಲಿ ನಿಲ್ಲುವುದಿಲ್ಲ.