ಎಣ್ಣೆ ಪ್ಯಾಕೆಟ್ ಬದಲಾಯಿಸುವ ಮೊದಲು ತುಪ್ಪ, ತೆಂಗಿನಕಾಯಿಯ ಲೆಕ್ಕ ಹಾಕಿ

ಡಿಸೆಂಬರ್ ಬೆಳಿಗ್ಗೆ ನಮ್ಮ ಬೆಂಗಳೂರಿನ ಅಡುಗೆಮನೆಯಲ್ಲಿ ಮೂರು ಡಬ್ಬ ಪಕ್ಕ ಪಕ್ಕ ಇಟ್ಟು ನೋಡಿ. ಕೊಬ್ಬರಿ ಎಣ್ಣೆ ಬೆಳ್ಳಗೆ ಕಲ್ಲಿನಂತೆ ಹೆಪ್ಪುಗಟ್ಟಿರುತ್ತದೆ. ತುಪ್ಪ ಹರಳು ಹರಳಾಗಿ ಗಟ್ಟಿಯಾಗಿರುತ್ತದೆ. ಕಡಲೆಕಾಯಿ ಎಣ್ಣೆ ಮಾತ್ರ ನೀರಿನಂತೆ ತಿಳಿಯಾಗಿರುತ್ತದೆ. ಆ ಕಡಲೆಕಾಯಿ ಎಣ್ಣೆಯನ್ನು ಒಂದು ಸಣ್ಣ ಲೋಟದಲ್ಲಿ ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಡಿ, ಅದೂ ಮಬ್ಬಾಗಿ ಮಂದವಾಗುತ್ತದೆ. ಸೂರ್ಯಕಾಂತಿ ಎಣ್ಣೆ ಅಲ್ಲೂ ತಿಳಿಯಾಗಿಯೇ ಉಳಿಯುತ್ತದೆ.

ಪ್ಯಾಕೆಟ್ ಹಿಂದೆ ಬರೆದಿರುವ ಮೂರು ಬಗೆಯ ಕೊಬ್ಬಿನ ವಿಷಯ ಹೆಚ್ಚುಕಮ್ಮಿ ಇಷ್ಟರಲ್ಲೇ ಇದೆ. ಸ್ಯಾಚುರೇಟೆಡ್ ಕೊಬ್ಬಿನ ಎಳೆಗಳು ನೆಟ್ಟಗಿರುತ್ತವೆ. ಪೊರಕೆ ಕಡ್ಡಿಗಳ ಹಾಗೆ ಒತ್ತೊತ್ತಾಗಿ ಕೂತು ಬೇಗ ಗಟ್ಟಿಯಾಗುತ್ತವೆ. ಮೋನೋಅನ್‌ಸ್ಯಾಚುರೇಟೆಡ್, ಅಂದರೆ ಮುಫಾ ಎನ್ನುವುದರ ಎಳೆಗೆ ಒಂದು ಕಡೆ ಸೊಟ್ಟ ಇರುತ್ತದೆ. ಪಾಲಿಅನ್‌ಸ್ಯಾಚುರೇಟೆಡ್, ಅಂದರೆ ಪುಫಾ ಎನ್ನುವುದಕ್ಕೆ ಎರಡು ಮೂರು ಕಡೆ ಸೊಟ್ಟ. ಸೊಟ್ಟ ಜಾಸ್ತಿಯಾದಷ್ಟೂ ಒಂದರ ಪಕ್ಕ ಒಂದು ಕೂರುವುದಿಲ್ಲ, ಅದಕ್ಕೇ ತಣ್ಣಗಾದರೂ ಹರಿಯುತ್ತದೆ. ಯಾವ ಎಣ್ಣೆಯಲ್ಲೂ ಒಂದೇ ಬಗೆ ಇರುವುದಿಲ್ಲ, ಮೂರೂ ಸೇರಿರುತ್ತವೆ. ಪಾಲು ಮಾತ್ರ ಬೇರೆ ಬೇರೆ.

ಹೋದ ಚಳಿಗಾಲದಲ್ಲಿ ನಮ್ಮ ಮೇಲ್ಮನೆಯ ಹುಡುಗಿ ಕೈಯಲ್ಲಿ ಸೂರ್ಯಕಾಂತಿ ಎಣ್ಣೆ ಪ್ಯಾಕೆಟ್ ಹಿಡಿದು ಬಂದಳು. ಗಂಡನ ರಕ್ತ ಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟ್ರಾಲ್, ಎಲ್‌ಡಿಎಲ್ ಅಂತಾರಲ್ಲ, ಅದು ಜಾಸ್ತಿ ಬಂದಿತ್ತು. ಸ್ಯಾಚುರೇಟೆಡ್ ಕೊಬ್ಬು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದರು. "ಆಂಟಿ, ಕಡಲೆಕಾಯಿ ಎಣ್ಣೆ ಬಿಟ್ಟು ಇದಕ್ಕೆ ಬದಲಾಯಿಸಿದ್ದೀನಿ. ಇದರಲ್ಲಿ ಕೊಲೆಸ್ಟ್ರಾಲ್ ಇಲ್ಲ ಅಂತ ಬರೆದಿದ್ದಾರೆ ನೋಡಿ," ಅಂದಳು.

ಆ ಮಾತನ್ನು ನೋಡಿ ಎಣ್ಣೆ ಕೊಳ್ಳಬೇಡಿ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಕೊಬ್ಬರಿ ಎಣ್ಣೆಯಲ್ಲೂ ಇರುವುದಿಲ್ಲ. ಆದರೆ ಅದರಲ್ಲಿ ನೂರಕ್ಕೆ 85ರಿಂದ 90 ಪಾಲು ಸ್ಯಾಚುರೇಟೆಡ್ ಕೊಬ್ಬೇ. ನಮ್ಮ ರಕ್ತದ ಎಲ್‌ಡಿಎಲ್ ಏರುವುದು ಮುಖ್ಯವಾಗಿ ಆ ಸ್ಯಾಚುರೇಟೆಡ್‌ನಿಂದ. ಹಾಗಾಗಿ ಪ್ಯಾಕೆಟ್ ಮುಂದಿನ ದಪ್ಪ ಅಕ್ಷರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಬೇಕು. ಅಲ್ಲೂ ಒಂದು ಎಚ್ಚರ ಬೇಕು. ಕೆಲವರು 100 ಗ್ರಾಂಗೆ ಲೆಕ್ಕ ಕೊಟ್ಟಿರುತ್ತಾರೆ, ಕೆಲವರು 100 ಮಿಲಿಗೆ. ಒಂದು ಲೀಟರ್ ಎಣ್ಣೆ ತೂಗಿದರೆ ಸುಮಾರು 910 ಗ್ರಾಂ ಅಷ್ಟೇ. ಮಿಲಿ ಲೆಕ್ಕದಲ್ಲಿ ಎಲ್ಲ ಅಂಕಿಯೂ ಸ್ವಲ್ಪ ಕಡಿಮೆ ಕಾಣುತ್ತದೆ, ಎಣ್ಣೆ ಒಳ್ಳೆಯದಾಗಿದೆ ಅಂತಲ್ಲ.

ಅವಳ ಪ್ಯಾಕೆಟ್‌ನಲ್ಲಿ 100 ಗ್ರಾಂಗೆ ಸ್ಯಾಚುರೇಟೆಡ್ 11 ಇತ್ತು. ಉಳಿದದ್ದರಲ್ಲಿ ಪುಫಾ ಜಾಸ್ತಿ, ಅರವತ್ತರ ಮೇಲೆ. ಕಡಲೆಕಾಯಿ ಎಣ್ಣೆಯಲ್ಲಿ ಸ್ಯಾಚುರೇಟೆಡ್ 18ರ ಆಸುಪಾಸು, ಹತ್ತಿರ ಹತ್ತಿರ ಅರ್ಧ ಮುಫಾ, ಮಿಕ್ಕಿದ್ದು ಪುಫಾ. "11 ಕಮ್ಮಿ ಅಲ್ವಾ ಆಂಟಿ?" ಅಂದಳು. ಕಮ್ಮಿಯೇ. ಆದರೆ ಮನೆಯಲ್ಲಿ ತಿಂಗಳಿಗೆ ಎಷ್ಟು ಹೋಗುತ್ತದೆ ಎಂದು ನೋಡದೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಕೂರಮ್ಮ ಎಂದು ಹೇಳಿ ಹಾಲಿನ ಲೆಕ್ಕ ಬರೆಯುವ ಪುಸ್ತಕ ತೆಗೆದೆ.

ಅವರ ಮನೆಯಲ್ಲಿ ನಾಲ್ವರು, ಎಲ್ಲರೂ ದೊಡ್ಡವರು. ತಿಂಗಳಿಗೆ ಎಣ್ಣೆ 2 ಲೀಟರ್, ತುಪ್ಪ 1 ಕೆಜಿ. ತೆಂಗಿನಕಾಯಿ ದಿನಕ್ಕೆ ಅರ್ಧ ಹೋಳು ಅಲ್ಲ, ಅರ್ಧ ಕಾಯಿ: ಬೆಳಿಗ್ಗೆ ಚಟ್ನಿ, ಮಧ್ಯಾಹ್ನ ಪಲ್ಯ, ಹುಳಿಗೆ ರುಬ್ಬುವುದಕ್ಕೆ. ಅಂದರೆ ತಿಂಗಳಿಗೆ 15 ಕಾಯಿ. ಟೋನ್ಡ್ ಹಾಲು ದಿನಕ್ಕೆ 1 ಲೀಟರ್.

ಮೊದಲಿನ ಕಡಲೆಕಾಯಿ ಎಣ್ಣೆಯಿಂದಲೇ ಶುರು ಮಾಡಿದೆವು. 2 ಲೀಟರ್ ಅಂದರೆ 1820 ಗ್ರಾಂ, ಅದರಲ್ಲಿ ಸ್ಯಾಚುರೇಟೆಡ್ ಸುಮಾರು 330 ಗ್ರಾಂ. ತುಪ್ಪದಲ್ಲಿ ನೂರಕ್ಕೆ 62ರಷ್ಟು ಸ್ಯಾಚುರೇಟೆಡ್. ಹಾಗಾಗಿ ಒಂದು ಕೆಜಿಗೆ 620 ಗ್ರಾಂ. ತೆಂಗಿನಕಾಯಿ ಒಂದರ ತುರಿ ಸುಮಾರು ಕಾಲು ಕೆಜಿ ಬರುತ್ತದೆ. ಹಸಿ ತುರಿಯ ತೂಕದಲ್ಲಿ ನೂರಕ್ಕೆ 30 ಪಾಲಾದರೂ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಕಾಯಿಗೆ 75 ಗ್ರಾಂ. 15 ಕಾಯಿಗೆ 1125 ಗ್ರಾಂ. ಹಾಲಿನಿಂದ ಒಂದು 570 ಗ್ರಾಂ. ಎಲ್ಲ ಕೂಡಿದರೆ 2645. ನಾಲ್ಕು ಜನ, ಮೂವತ್ತು ದಿನ, 120ರಿಂದ ಭಾಗಿಸಿದೆವು. ಒಬ್ಬೊಬ್ಬರಿಗೆ ದಿನಕ್ಕೆ 22 ಗ್ರಾಂ.

ದಿನದ ಒಟ್ಟು ಕ್ಯಾಲೊರಿಯಲ್ಲಿ ಸ್ಯಾಚುರೇಟೆಡ್ ಕೊಬ್ಬಿನದು ನೂರಕ್ಕೆ 10 ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2000 ಕ್ಯಾಲೊರಿ ತಿನ್ನುವವರಿಗೆ ಅದು 22 ಗ್ರಾಂ ಆಗುತ್ತದೆ. ಕೂತು ಕೆಲಸ ಮಾಡುವವರು 1800 ಕ್ಯಾಲೊರಿ ತಿಂದರೆ 20 ಗ್ರಾಂ. ಬೇಕರಿ ಪಫ್, ಹೋಟೆಲ್ ದೋಸೆಯ ಮೇಲಿನ ಬೆಣ್ಣೆ, ಇದ್ಯಾವುದೂ ನಮ್ಮ ಪುಸ್ತಕಕ್ಕೆ ಬಂದೇ ಇರಲಿಲ್ಲ. ಮನೆಯಲ್ಲೇ ಗಡಿ ಮುಟ್ಟಿಯಾಗಿತ್ತು.

ಈಗ ಅವಳು ಎಣ್ಣೆ ಬದಲಾಯಿಸಿದ್ದರಿಂದ ಎಷ್ಟು ಉಳಿಯಿತು? 330ರ ಬದಲು 200. ತಿಂಗಳಿಗೆ 130 ಗ್ರಾಂ. ಒಬ್ಬೊಬ್ಬರಿಗೆ ದಿನಕ್ಕೆ ಒಂದು ಗ್ರಾಂ ಚಿಲ್ಲರೆ. ಅವಳ ಮುಖ ಬಾಡಿತು ಪಾಪ. ದೊಡ್ಡ ಅಂಕಿಗಳು ಎರಡೂ ಎಣ್ಣೆ ಡಬ್ಬದ ಆಚೆಗಿದ್ದವು: ತುಪ್ಪ ಮತ್ತು ತೆಂಗಿನಕಾಯಿ.

ತುಪ್ಪದ ಕಥೆ ಏನಾಗಿತ್ತೆಂದರೆ, ಅವರತ್ತೆ ಅನ್ನಕ್ಕೆ ಮಿಳ್ಳೆಯಿಂದ ಬಗ್ಗಿಸಿ ಸುರಿಯುತ್ತಿದ್ದರು. ಬಗ್ಗಿಸಿದರೆ ಎಷ್ಟು ಬಿತ್ತು ಅಂತ ಯಾರಿಗೂ ತಿಳಿಯುವುದಿಲ್ಲ. ಟೀ ಚಮಚದಲ್ಲಿ ಅಳೆದರೆ ಒಂದು ಚಮಚ ತುಪ್ಪಕ್ಕೆ ಸ್ಯಾಚುರೇಟೆಡ್ 3 ಗ್ರಾಂ ಹತ್ತಿರ. ಸುರಿದರೆ ಸುಲಭವಾಗಿ ಮೂರು ಚಮಚ ಬೀಳುತ್ತದೆ. ತುಪ್ಪ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ, ಬಿಸಿ ಅನ್ನ ಸಾರಿಗೆ ತುಪ್ಪದ ಕಂಪು ಬೇಕು. ಮೊದಲ ತುತ್ತುಗಳಿಗೆ ಒಂದು ಚಮಚ, ಚಮಚದಲ್ಲೇ ಅಳೆದು ಹಾಕಿ. ಅವರ ಮನೆಯಲ್ಲಿ ಇಷ್ಟು ಮಾಡಿದ ಮೇಲೆ ತಿಂಗಳಿಗೆ ಅರ್ಧ ಕೆಜಿ ಸಾಕಾಯಿತು.

ಎಣ್ಣೆಯನ್ನು ಮಾತ್ರ ಮತ್ತೆ ಕಡಲೆಕಾಯಿಗೆ ತರಿಸಿದೆ, ಕರಿಯುವುದಕ್ಕಾದರೂ. ಪುಫಾ ಎಲ್‌ಡಿಎಲ್ ಇಳಿಸುವುದಕ್ಕೆ ಒಳ್ಳೆಯದು, ಆದರೆ ಅದರ ಆ ಸೊಟ್ಟಗಳ ಜಾಗದಲ್ಲೇ ಗಾಳಿ ಮತ್ತು ಬಿಸಿ ಹಿಡಿಯುತ್ತವೆ. ಸೂರ್ಯಕಾಂತಿ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿದ ಬಾಣಲೆಯ ಅಂಚನ್ನು ಬೆರಳಿನಿಂದ ಮುಟ್ಟಿ. ಹಳದಿ ಬಣ್ಣದ ಗೋಂದಿನಂತಹ ಪದರ ಅಂಟಿರುತ್ತದೆ, ಸೋಪಿಗೆ ಹೋಗುವುದಿಲ್ಲ, ತೆಂಗಿನ ನಾರು ಹಾಕಿ ತಿಕ್ಕಬೇಕು. ಅದು ಕೆಟ್ಟ ಪುಫಾ, ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗಿದ್ದು. ಬಾಣಲೆಯ ಎಣ್ಣೆಯಲ್ಲಿ ನೊರೆ ಎದ್ದು ಇಳಿಯದೇ ನಿಂತರೆ, ಬೇಗ ಹೊಗೆ ಬಂದರೆ, ಎಣ್ಣೆ ಮಂದವಾಗಿ ಜಿಡ್ಡು ವಾಸನೆ ಹೊಡೆದರೆ ಅದನ್ನು ಚೆಲ್ಲಿ, ಒಗ್ಗರಣೆಗೂ ಬೇಡ. ಕಡಲೆಕಾಯಿ ಎಣ್ಣೆಯಲ್ಲಿ ಮುಫಾ ಜಾಸ್ತಿ ಇರುವುದರಿಂದ ಇಷ್ಟು ಬೇಗ ಕೆಡುವುದಿಲ್ಲ. ಹಾಗಂತ ಅದನ್ನೂ ದಿನಗಟ್ಟಲೆ ಕಾಯಿಸಬಾರದು. ಸೂರ್ಯಕಾಂತಿಯನ್ನು ಪಲ್ಯಕ್ಕೆ, ಒಗ್ಗರಣೆಗೆ ಬಳಸಿ ಮುಗಿಸಿದಳು. ಈಗ ಒಂದು ಲೀಟರ್ ಇದು, ಒಂದು ಲೀಟರ್ ಅದು ತರುತ್ತಾಳೆ.

ಗಾಣದ ಎಣ್ಣೆಯ ಬಗ್ಗೆಯೂ ಕೇಳಿದಳು. ಈಗ ಬೀದಿ ಬೀದಿಯಲ್ಲಿ ಮರದ ಗಾಣ ಇಟ್ಟಿದ್ದಾರಲ್ಲ. ಗಾಣದ ಕಡಲೆಕಾಯಿ ಎಣ್ಣೆಗೆ ಕಂಪು, ರುಚಿ ಎರಡೂ ಜಾಸ್ತಿ. ಆದರೆ ಮೂರು ಕೊಬ್ಬಿನ ಪಾಲು ರಿಫೈನ್ಡ್‌ನಲ್ಲಿ ಇದ್ದಷ್ಟೇ. ಗಾಣದ ಕೊಬ್ಬರಿ ಎಣ್ಣೆ ಗಾಣದ್ದು ಎಂಬ ಕಾರಣಕ್ಕೆ ಹಗುರವಾಗುವುದಿಲ್ಲ.

ಉಳಿದದ್ದು ಚಟ್ನಿ. ಇಡ್ಲಿಗೆ ನಾಲ್ಕು ಜನಕ್ಕೆ ಕಾಲು ಕಾಯಿ ತುರಿ ಹಾಕಿದರೆ 60 ಗ್ರಾಂ ಆಯಿತು, ಸ್ಯಾಚುರೇಟೆಡ್ 18 ಗ್ರಾಂ. ಅದೇ 60 ಗ್ರಾಂ ಹುರಿದ ಕಡಲೆಕಾಯಿ ಬೀಜ ಹಾಕಿ ನೋಡಿ. ಬೀಜದಲ್ಲಿ ಅರ್ಧದಷ್ಟು ಕೊಬ್ಬೇ, ಆದರೆ ಅದರಲ್ಲಿ ಸ್ಯಾಚುರೇಟೆಡ್ 4 ಗ್ರಾಂ ಆಸುಪಾಸು. ಒಟ್ಟು ಕೊಬ್ಬು ಕಡಿಮೆಯಾಗುವುದಿಲ್ಲ, ಬಗೆ ಬದಲಾಗುತ್ತದೆ. ಎಲ್‌ಡಿಎಲ್‌ಗೆ ಬೇಕಾದದ್ದು ಅದೇ. ಗೋಡಂಬಿಗೂ ಜನ ಸುಮ್ನೆ ಹೆದರುತ್ತಾರೆ. ಅದರ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಮುಫಾ. ಕೇಸರಿಬಾತಿನಲ್ಲಿ ಭಾರವಾಗುವುದು ಗೋಡಂಬಿಯಲ್ಲ, ಅದನ್ನು ಹುರಿದ ತುಪ್ಪ. ಬಾದಾಮಿಯೂ ಹಾಗೆಯೇ, ಒಂದು ಹಿಡಿ 30 ಗ್ರಾಂಗೆ ಸ್ಯಾಚುರೇಟೆಡ್ ಒಂದು ಗ್ರಾಂ ಚಿಲ್ಲರೆ. ಅಕ್ರೋಟು ಮಾತ್ರ ಪುಫಾ ತುಂಬಿದ್ದು. ಮೇಲೆ ಹೇಳಿದ ಬೀಜಗಳಲ್ಲಿ ಹೆಚ್ಚಾಗಿ ಸಿಗದ ಒಮೆಗಾ-3 ಅದರಲ್ಲಿದೆ, ಅದೇ ಕಾರಣಕ್ಕೆ ಬೇಗ ಕಮಟುತ್ತದೆ. ಸ್ವಲ್ಪ ಸ್ವಲ್ಪ ತಂದು, ಗಾಳಿಯಾಡದ ಡಬ್ಬದಲ್ಲಿ ಫ್ರಿಜ್ಜಿನಲ್ಲಿಡಿ. ಮುರಿದಾಗ ಹಳೇ ಬಣ್ಣದ ಡಬ್ಬದ ವಾಸನೆ ಬಂದರೆ, ಕಹಿಯಾದರೆ ಎಸೆಯಿರಿ.

ಅವಳು ವಾರದಲ್ಲಿ ನಾಲ್ಕು ದಿನ ಕಡಲೆಕಾಯಿ ಬೀಜದ ಚಟ್ನಿಗೆ ತಿರುಗಿದಳು, ಹುಳಿಗೆ ಕಾಯಿ ಅರ್ಧ ಮಾಡಿದಳು. ಕಾಯಿ ತಿಂಗಳಿಗೆ 8ಕ್ಕೆ ಇಳಿಯಿತು, ಬೀಜ ಒಂದೂವರೆ ಕೆಜಿ ಹೆಚ್ಚಾಯಿತು. ಅದೇ ಪುಸ್ತಕದಲ್ಲಿ, ಎಣ್ಣೆ ಪೂರ್ತಿ ಕಡಲೆಕಾಯಿಯದ್ದೇ ಎಂದು ಹಿಡಿದು, ಮತ್ತೆ ಕೂಡಿಸಿದೆವು. ತುಪ್ಪದಿಂದ 310 ಇಳಿಯಿತು, ಕಾಯಿಯಿಂದ 525. ಬೀಜದಿಂದ ಒಂದು 100 ಏರಿತು. ಒಬ್ಬೊಬ್ಬರಿಗೆ ದಿನಕ್ಕೆ 16 ಗ್ರಾಂ. ಮಾತ್ರೆಯ ವಿಷಯ ಡಾಕ್ಟರಿಗೆ ಬಿಟ್ಟದ್ದು, ಅದನ್ನು ನಿಲ್ಲಿಸಬೇಡ ಎಂದು ಹೇಳಿದ್ದೇನೆ. ಬಸವನಗುಡಿಯ ಕಡಲೆಕಾಯಿ ಪರಿಷೆ ಬಂದಾಗ ಐದು ಸೇರು ತಂದು ಇಬ್ಬರೂ ಸುಲಿದು ಹಂಚಿಕೊಂಡೆವು.