ಕಾಲೂತದ ಬೆನ್ನು ಹಿಡಿದು

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯ ಅಮ್ಮ, ವಯಸ್ಸು 64. ನಾಲ್ಕಾರು ವೈದ್ಯರ ಕೈಬರಹ ಸೇರಿ ದಪ್ಪವಾದ ಅವರ ಕಡತದಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕಾಲೂತ, ಯೂರಿಕ್ ಆಮ್ಲ, ಮಂಡಿ ಸವೆತ, ‘ಕಿಡ್ನಿ ತೊಂದರೆ’, ಹಿಂದೆಂದೋ ಬಂದು ವಾಸಿಯಾದ ಮಂಗನ ಕಾಯಿಲೆ, ಎಲ್ಲವೂ ಒಂದೇ ಸಾಲಿನಲ್ಲಿ ಕುಳಿತಿದ್ದವು.

ಇಂಥ ಕಡತದಿಂದ ನಾನು ಮೊದಲು ಕಾಯಿಲೆಗಳ ಹೆಸರು ಎತ್ತಿಕೊಳ್ಳುವುದಿಲ್ಲ. ಯಾವ ಮಾತ್ರೆ, ಎಂದು ಶುರುವಾಯಿತು, ಯಾತಕ್ಕೆ ಎಂದಷ್ಟೇ ಬರೆದುಕೊಂಡು, ಪಕ್ಕದಲ್ಲಿ ರಕ್ತ ಪರೀಕ್ಷೆಗಳನ್ನು ದಿನಾಂಕದಂತೆ ಜೋಡಿಸುತ್ತೇನೆ. ಹಾಗೆ ಜೋಡಿಸಿದಾಗ ಕಂಡದ್ದಿಷ್ಟು: ರಕ್ತದೊತ್ತಡದ ಮಾತ್ರೆ ಅಮ್ಲೋಡಿಪಿನ್ 5 ಮಿಲಿಗ್ರಾಂ ಇದ್ದದ್ದು 10 ಆದ ಮೇಲೆ ಪಾದ ಊದಿದೆ. ಊತಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ಫ್ಯೂರೊಸಮೈಡ್ ಬಂದಿದೆ. ಆನಂತರ ಯೂರಿಕ್ ಆಮ್ಲ ಏರಿ ಹೆಬ್ಬೆರಳು ಕೆಂಪಾಗಿ ನೋವೆದ್ದಿದೆ. ಮೂತ್ರಪಿಂಡದ ಕೆಲಸ ಕುಗ್ಗಿದಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 0.9 ಇದ್ದದ್ದು 1.5ಕ್ಕೆ ಹೋಗಿದೆ.

ಕಡತದಲ್ಲಿ ಎಲ್ಲಿಯೂ ನೋವಿನ ಮಾತ್ರೆ ಇರಲಿಲ್ಲ. ಆದರೆ ಕ್ರಿಯಾಟಿನಿನ್ ಏರಿದ್ದು ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ. ಕೇಳಿದರೆ, ‘ಸುಲಿಯಲು ಕೂತರೆ ಮಂಡಿ ಹಿಡಿಯುತ್ತದೆ ಡಾಕ್ಟರೇ, ಮಗ ಮೆಡಿಕಲ್ ಶಾಪಿನಿಂದ ಮಾತ್ರೆ ತಂದುಕೊಡುತ್ತಾನೆ’ ಎಂದರು. ಅದು ಡೈಕ್ಲೊಫೆನಾಕ್. ಹೆಬ್ಬೆರಳಿನ ನೋವಿಗೂ ಅದನ್ನೇ ನುಂಗಿದ್ದರು. ಮೂತ್ರಪಿಂಡಕ್ಕೂ ರಕ್ತದೊತ್ತಡಕ್ಕೂ ಅದು ಒಳ್ಳೆಯದಲ್ಲ.

ಸಮಸ್ಯೆಗಳ ಪಟ್ಟಿಯನ್ನು ಕಡತದ ಮೊದಲ ಪುಟಕ್ಕೆ ತಂದವರು ಅಮೆರಿಕದ ವೈದ್ಯ ಲಾರೆನ್ಸ್ ವೀಡ್. 1968ರಲ್ಲಿ ಈ ಕ್ರಮವನ್ನು ಪ್ರಕಟಿಸಿದರು. ಪುರಾವೆ ಇದ್ದಷ್ಟನ್ನೇ ಬರೆಯಬೇಕೆಂಬುದು ಅವರ ಪಟ್ಟು. ಆದ್ದರಿಂದ ‘ಕಿಡ್ನಿ ತೊಂದರೆ’ ಎಂಬುದನ್ನು ತೆಗೆದು ‘ಕ್ರಿಯಾಟಿನಿನ್ 1.5, ಡೈಕ್ಲೊಫೆನಾಕ್ ಸೇವನೆಯಲ್ಲಿದ್ದಾಗ’ ಎಂದು ಬರೆದೆ. ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಎನ್ನಲು ತೊಂದರೆ ಕನಿಷ್ಠ ಮೂರು ತಿಂಗಳು ಉಳಿದಿರಬೇಕು. ಕಾಲೂತವನ್ನು ಅಮ್ಲೋಡಿಪಿನ್ ತಲೆಗೆ ಕಟ್ಟುವ ಮುನ್ನ ಹೃದಯದ ಎಕೋ, ಮೂತ್ರದ ಪ್ರೋಟೀನ್, ರಕ್ತದ ಆಲ್ಬುಮಿನ್ ನೋಡಿದೆ, ಮೂರೂ ಸರಿಯಿದ್ದವು.

ಡೈಕ್ಲೊಫೆನಾಕ್ ಬಿಡಿಸಿ, ಅಮ್ಲೋಡಿಪಿನ್ ಅನ್ನು 5ಕ್ಕೆ ಇಳಿಸಿ, ಫ್ಯೂರೊಸಮೈಡ್ ನಿಲ್ಲಿಸಿದೆ. ಊತ ಇಳಿಯಿತು. ಕ್ರಿಯಾಟಿನಿನ್ 1.2ಕ್ಕೆ ಬಂತು, ಮೂರು ತಿಂಗಳ ನಂತರವೂ ಅಲ್ಲಿಯೇ ನಿಂತಿತು. ಆ ಲೆಕ್ಕದಲ್ಲಿ ಮೂತ್ರಪಿಂಡದ ಸೋಸುವ ಶಕ್ತಿ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್. ಆಗ ಮಾತ್ರ ‘ದೀರ್ಘಕಾಲದ ಮೂತ್ರಪಿಂಡ ಕಾಯಿಲೆ, ಹಂತ 3ಎ’ ಎಂಬ ಹೆಸರು ಪಟ್ಟಿಗೆ ಸೇರಿತು. ಒತ್ತಡಕ್ಕೆ ಲೊಸಾರ್ಟಾನ್ ಸೇರಿಸಿದೆ. ಅದು ಯೂರಿಕ್ ಆಮ್ಲವನ್ನೂ ಸ್ವಲ್ಪ ತಗ್ಗಿಸುತ್ತದೆ, ಆದರೆ ಎರಡು ವಾರದೊಳಗೆ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ನೋಡಲೇಬೇಕು. ಮನೆಯ ಅಪ್ಪೆಮಿಡಿ ಉಪ್ಪಿನಕಾಯಿಯ ಬಗ್ಗೆಯೂ ಮಾತಾಯಿತು. ಅದರಲ್ಲಿ ನನಗೆ ಪೂರ್ತಿ ಗೆಲುವು ಸಿಕ್ಕಿಲ್ಲ.

ಈಗ ಚಾಲ್ತಿಯಲ್ಲಿರುವ ಸಮಸ್ಯೆಗಳು ಐದು: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡ, ಮಂಡಿ ಸವೆತ, ಹೆಬ್ಬೆರಳಿಗೆ ಒಮ್ಮೆ ಬಂದ ಯೂರಿಕ್ ಆಮ್ಲದ ಕೀಲುನೋವು, ಅಂದರೆ ಗೌಟ್. ಮಂಗನ ಕಾಯಿಲೆ ‘ಹಿಂದಿನವು’ ಎಂಬ ಸಾಲಿಗೆ ಹೋಯಿತು. ಕಾಲೂತಕ್ಕೆ ಪ್ರತ್ಯೇಕ ಸಂಖ್ಯೆ ಕೊಡದೆ, ರಕ್ತದೊತ್ತಡದ ಕೆಳಗೆ ‘ಅಮ್ಲೋಡಿಪಿನ್ 10ಕ್ಕೆ ಊತ’ ಎಂದು ಬರೆದೆ. ಇನ್ನೊಂದು ಪ್ರತಿಯನ್ನು ಮಗನ ಕೈಗೆ ಕೊಟ್ಟು, ಡೈಕ್ಲೊಫೆನಾಕ್ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದೆ. ಮೆಡಿಕಲ್ ಶಾಪಿಗೆ ಹೋಗುವವನು ಅವನೇ.