ಆರು ಗುಳಿ, ಆರು ಹುಣಸೆ ಬೀಜ: ಐನ್‌ಸ್ಟೈನ್ ಘನವನ್ನು ಎಣಿಸಿದ ನನ್ನ ಅನುಭವ

ದಾಳ ಎಸೆದು ಶಾಖ ಹರಿಯುವುದನ್ನು ತೋರಿಸುತ್ತೇನೆ ಎಂದಾಗ ವಿಭಾಗದ ಹಿರಿಯರು ಒಪ್ಪಿರಲಿಲ್ಲ. ‘ಅದು ಆಟ, ಸಂಖ್ಯಾಕಲನ ಭೌತಶಾಸ್ತ್ರವಲ್ಲ’ ಎಂದರು. ಈಗ ಅದೇ ಆಟದಿಂದ ಬಂದ ಶೇಕಡಾವಾರು ಲೆಕ್ಕವು ಸೂತ್ರದ ಲೆಕ್ಕಕ್ಕೆ ತಾಳೆಯಾಗುತ್ತಿದೆ. ಈ ಪಾಠ ಮಾಡುವ ಇತರ ಅಧ್ಯಾಪಕರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ. ಘನವಸ್ತುವನ್ನು ಶಕ್ತಿಯ ಸಮ ತುಣುಕುಗಳನ್ನು ಹಂಚಿಕೊಳ್ಳುವ ಆಂದೋಲಕಗಳ ಗುಂಪಾಗಿ ಕಾಣುವ ಈ ಮಾದರಿಯನ್ನು ಐನ್‌ಸ್ಟೈನ್ 1907ರಲ್ಲಿ ಏಕೆ ಮುಂದಿಟ್ಟರು, ಸೂತ್ರ ಹೇಗೆ ಹುಟ್ಟುತ್ತದೆ ಎಂಬುದು ನಿಮಗೆ ಗೊತ್ತಿರುವುದರಿಂದ ಅದನ್ನು ಬಿಡುತ್ತೇನೆ.

ಮೊದಲು ಖರ್ಚಿನ ಮಾತು. ಇದಕ್ಕೆಂದೇ ಒಂದು ತಂತ್ರಾಂಶ ಕೊಳ್ಳಲು ಬೆಲೆಪಟ್ಟಿ ತರಿಸಿದ್ದೆವು. ಮೂವತ್ತು ಸಾವಿರದ ಆಸುಪಾಸಿನಲ್ಲಿತ್ತು, ಮಂಜೂರಾಗಲಿಲ್ಲ. ಮನೆಯಲ್ಲಿದ್ದ ಅಳಗುಳಿ ಮಣೆಯನ್ನು ಪ್ರಯೋಗಾಲಯಕ್ಕೆ ತಂದೆ. ಹದಿನಾಲ್ಕು ಗುಳಿಗಳಲ್ಲಿ ನಮಗೆ ಬೇಕಾದದ್ದು ಆರೇ. ಉಳಿದ ಗುಂಪುಗಳಿಗೆ ಮೊಟ್ಟೆಯ ಟ್ರೇ ಕತ್ತರಿಸಿಕೊಟ್ಟೆ. ದಾಳಗಳಿಗೆ ಒಟ್ಟು ಇನ್ನೂರು ರೂಪಾಯಿ ಆಗಿರಬಹುದು. ಹುಣಸೆ ಬೀಜಕ್ಕೆ ಕಾಸಿಲ್ಲ.

ಒಂದು ಗುಳಿ ಎಂದರೆ ಒಂದು ಆಂದೋಲಕ, ಒಂದು ಬೀಜ ಎಂದರೆ ಒಂದು ಕ್ವಾಂಟಮ್ ಶಕ್ತಿ. ಮೊದಲ ಮೂರು ಗುಳಿ ‘ಅ’ ಘನ, ಕೊನೆಯ ಮೂರು ‘ಬ’ ಘನ. ಆರು ಗುಳಿಯೇ ಏಕೆಂದರೆ ದಾಳಕ್ಕೆ ಆರು ಮುಖ. ಮೂರು ಗುಳಿಯಲ್ಲಿ ಮೂರು ಬೀಜವನ್ನು ಎಷ್ಟು ಬಗೆಯಲ್ಲಿ ಹಂಚಬಹುದೆಂದು ಮಕ್ಕಳಿಂದ ಕೈಯಾರೆ ಬರೆಸುತ್ತೇನೆ. ಮೂರೂ ಒಂದೇ ಗುಳಿಯಲ್ಲಿರುವುದು ಮೂರು ಬಗೆ, ಎರಡು-ಒಂದು-ಸೊನ್ನೆ ಆರು ಬಗೆ, ತಲಾ ಒಂದೊಂದು ಒಂದೇ ಬಗೆ, ಒಟ್ಟು 10. ಸೊನ್ನೆಯಿಂದ ಆರು ಬೀಜದವರೆಗೆ ಹೀಗೆಯೇ ಎಣಿಸಿದರೆ 1, 3, 6, 10, 15, 21, 28 ಬರುತ್ತದೆ. ಎರಡು ಘನಗಳ ನಡುವೆ ಆರು ಬೀಜ ಓಡಾಡುವಾಗ ‘ಅ’ ಮತ್ತು ‘ಬ’ಗಳ ಎಣಿಕೆಯನ್ನು ಗುಣಿಸಬೇಕು. ‘ಅ’ದಲ್ಲಿ ಆರೂ ಇದ್ದರೆ 28 ಸೂಕ್ಷ್ಮಸ್ಥಿತಿಗಳು, ಐದಿದ್ದರೆ 63, ನಾಲ್ಕಿದ್ದರೆ 90, ಮೂರಿದ್ದರೆ 100, ಆಚೆಗೆ ಮತ್ತೆ ಅದೇ ಕ್ರಮದಲ್ಲಿ ಇಳಿಕೆ. ಒಟ್ಟು 462.

ಕಾಗದದ ಮೇಲಿನ ಈ ಎಣಿಕೆ ಎಲ್ಲರಿಗೂ ಬರುತ್ತದೆ. ಕೈಕೊಡುವುದು ಆಟದ ನಿಯಮ. ನಮ್ಮಲ್ಲಿ ಹಿಂದೆ ನಡೆಯುತ್ತಿದ್ದ ಪದ್ಧತಿಯಲ್ಲಿ ಬೀಜಗಳಿಗೆ ಒಂದರಿಂದ ಆರರವರೆಗೆ ಅಂಕಿ ಬರೆದು, ದಾಳ ಹೇಳಿದ ಬೀಜವನ್ನು ಎತ್ತಿ, ಮತ್ತೊಂದು ದಾಳ ಹೇಳಿದ ಗುಳಿಗೆ ಹಾಕುತ್ತಿದ್ದರು. ನೋಡಲು ಚೆನ್ನಾಗಿತ್ತು. ಆದರೆ ‘ಅ’ದಲ್ಲಿ ಆರೂ ಬೀಜ ಸೇರುವುದು ನೂರಕ್ಕೆ ಆರು ಸಲ ಆಗಬೇಕಿದ್ದ ಕಡೆ ಒಂದೂವರೆ ಸಲದಷ್ಟೇ ಆಗುತ್ತಿತ್ತು. ಕಾರಣ ಸ್ಪಷ್ಟ: ಅಂಕಿ ಬರೆದೊಡನೆ ಬೀಜಗಳಿಗೆ ಗುರುತು ಬಂತು. ಪ್ರತಿ ಬೀಜವೂ ಸ್ವತಂತ್ರವಾಗಿ ಅರ್ಧ ಹೊತ್ತು ‘ಅ’ದಲ್ಲಿ, ಅರ್ಧ ಹೊತ್ತು ‘ಬ’ದಲ್ಲಿ ಇರುತ್ತದೆ, ಆರೂ ಒಂದೇ ಕಡೆ ಕೂಡುವ ಸಾಧ್ಯತೆ 64ರಲ್ಲಿ 1 ಆಗುತ್ತದೆ. ಕ್ವಾಂಟಮ್‌ಗಳಿಗೆ ಗುರುತಿಲ್ಲ. ಆಯ್ಕೆಯಾಗಬೇಕಾದದ್ದು ಗುಳಿ, ಬೀಜವಲ್ಲ.

ನನ್ನ ನಿಯಮ ಇಷ್ಟೇ. ಮೊದಲ ಎಸೆತ ಕೊಡುವ ಗುಳಿಯನ್ನು ಹೇಳುತ್ತದೆ, ಎರಡನೆಯದು ಪಡೆಯುವ ಗುಳಿಯನ್ನು. ಕೊಡುವ ಗುಳಿಯಲ್ಲಿ ಬೀಜವಿದ್ದರೆ ಒಂದನ್ನು ದಾಟಿಸಿ. ಖಾಲಿಯಿದ್ದರೆ ಏನೂ ಮಾಡಬೇಡಿ, ಆದರೆ ಆ ನಡೆಯನ್ನೂ ಪಟ್ಟಿಯಲ್ಲಿ ಬರೆಯಿರಿ. ಮಕ್ಕಳು ತಪ್ಪುವುದು ಇಲ್ಲಿಯೇ. ಖಾಲಿ ಗುಳಿ ಬಂದರೆ ಎಸೆತ ವ್ಯರ್ಥವಾಯಿತೆಂದು ಮತ್ತೆ ಎಸೆಯುತ್ತಾರೆ. ಹಾಗೆ ಮಾಡಿದರೆ ಹೆಚ್ಚು ಗುಳಿ ತುಂಬಿರುವ ಸ್ಥಿತಿಗಳಿಗೆ ಅನ್ಯಾಯದ ಲಾಭ ಸಿಗುತ್ತದೆ. ಸಾಕಷ್ಟು ಉದ್ದದ ಪಟ್ಟಿ ಸಿಕ್ಕರೆ ಯಾವ ನಿಯಮದಲ್ಲಿ ಆಡಿದ್ದಾರೆಂದು ನಾನು ಹೇಳಬಲ್ಲೆ. ಆರೂ ‘ಅ’ದಲ್ಲಿರುವ ಪಾಲು ಶೇ. 6ರ ಹತ್ತಿರವಿದ್ದರೆ ನಿಯಮ ಸರಿ, ಶೇ. 4 ಇದ್ದರೆ ಮತ್ತೆ ಎಸೆದಿದ್ದಾರೆ, ಶೇ. 1.5 ಇದ್ದರೆ ಬೀಜವನ್ನು ಆರಿಸಿದ್ದಾರೆ. ಒಂದು ಗುಂಪಿನ ಕೆಲವು ನೂರು ನಡೆಗಳಲ್ಲಿ ಈ ವ್ಯತ್ಯಾಸ ಮಸುಕಾಗಿರುತ್ತದೆ, ಏಕೆಂದರೆ ಒಂದು ನಡೆಗೂ ಮುಂದಿನದಕ್ಕೂ ಮಣೆ ಹೆಚ್ಚು ಬದಲಾಗುವುದಿಲ್ಲ. ತರಗತಿಯ ಎಲ್ಲ ಪಟ್ಟಿಗಳನ್ನು ಕೂಡಿಸಿ ಮೂರು-ನಾಲ್ಕು ಸಾವಿರ ನಡೆಗಳಾದಾಗ ಚಿತ್ರ ತಿಳಿಯಾಗತೊಡಗುತ್ತದೆ. ಆರಂಭದ ಇಪ್ಪತ್ತು-ಮೂವತ್ತು ನಡೆಗಳನ್ನು ಬಿಟ್ಟುಬಿಡಬೇಕು.

ಅಗ್ಗದ ದಾಳ ಸಮವಾಗಿ ಬೀಳುವುದಿಲ್ಲ ಎಂಬ ಆಕ್ಷೇಪವೂ ಬಂತು. ಅದಕ್ಕೆ ಉಪಾಯವಿದೆ: ಎರಡು ದಾಳ ಬೇಡ, ಒಂದೇ ದಾಳವನ್ನು ಎರಡು ಸಲ ಎಸೆಯಿರಿ. ನಾಲ್ಕು ಹೆಚ್ಚಾಗಿ ಬೀಳುವ ದಾಳವಾದರೆ ನಾಲ್ಕನೆಯ ಗುಳಿ ಹೆಚ್ಚು ಸಲ ಕೊಡುತ್ತದೆ, ಅಷ್ಟೇ ಹೆಚ್ಚು ಸಲ ಪಡೆಯುತ್ತದೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವ ಸಾಧ್ಯತೆಯೂ ಮರಳುವ ಸಾಧ್ಯತೆಯೂ ಸಮವಾಗಿಯೇ ಉಳಿಯುವುದರಿಂದ 462 ಸ್ಥಿತಿಗಳಿಗೂ ಸಮಪಾಲು ಸಿಗುತ್ತದೆ. ಒಂದು ಮುಖಕ್ಕೆ ಮೇಣ ಮೆತ್ತಿದ ದಾಳದಿಂದಲೂ ಆಡಿಸಿ ನೋಡಿದೆ, ಫಲಿತಾಂಶ ಕದಲಲಿಲ್ಲ. ನಂಬಿಕೆ ಬಾರದವರು ಕಂಪ್ಯೂಟರಿನಲ್ಲಿ ಓಡಿಸಲಿ:

```python
import random
n = [2,2,2,0,0,0]; c = [0]*7
for t in range(100000):
    i, j = random.choices(range(6), weights=[1,1,1,2,1,1], k=2)
    if n[i] > 0:
        n[i] -= 1; n[j] += 1
    c[sum(n[:3])] += 1
print(c)
```

ಈಗ ಶಾಖದ ಹರಿವು. ದಾಳಕ್ಕೆ ಬಿಸಿ-ತಣ್ಣಗೆ ಗೊತ್ತಿಲ್ಲ, ಬೀಜವನ್ನು ‘ಬ’ದ ಕಡೆಗೆ ತಳ್ಳುವ ಬಲವೂ ಇಲ್ಲ. ಹಾಗಿದ್ದರೂ ‘ಅ’ದಲ್ಲಿ ಐದು, ‘ಬ’ದಲ್ಲಿ ಒಂದು ಇರುವಾಗ ಏನಾಗುತ್ತದೆ ನೋಡಿ. ‘ಅ’ದ ಐದು ಬೀಜಗಳ 21 ಹಂಚಿಕೆಗಳಲ್ಲಿ, ನಾವು ಗುರುತಿಸಿಕೊಂಡ ಒಂದು ಗುಳಿಯಲ್ಲಿ ಬೀಜವಿರುವುದು 15ರಲ್ಲಿ. ‘ಬ’ದ ಒಂದು ಬೀಜದ ಮೂರು ಹಂಚಿಕೆಗಳಲ್ಲಿ ಅಂಥ ಒಂದು ಗುಳಿಯಲ್ಲಿ ಬೀಜವಿರುವುದು ಒಂದರಲ್ಲಿ. ಅಂದರೆ ಕೊಡುವ ಸರದಿ ಬಂದಾಗ ‘ಅ’ದ ಗುಳಿ ಏಳಕ್ಕೆ ಐದು ಸಲ ಕೊಡಬಲ್ಲದು, ‘ಬ’ದ ಗುಳಿ ಮೂರಕ್ಕೆ ಒಂದೇ ಸಲ. ಬೀಜಗಳು ‘ಬ’ದತ್ತ ಸರಿಯುವುದು ಇಷ್ಟರಿಂದಲೇ. 63 ಸ್ಥಿತಿಗಳಿಂದ 90ಕ್ಕೆ, 90ರಿಂದ 100ಕ್ಕೆ ಹೋಗುವ ಒಲವು ಎಂದು ಸೂತ್ರ ಹೇಳುವುದು ಇದನ್ನೇ. ಖಾಲಿ ಗುಳಿಯ ನಡೆಯನ್ನು ಬರೆಯಲೇಬೇಕು ಎಂದು ನಾನು ಹಟ ಹಿಡಿಯುವುದೂ ಇದಕ್ಕೇ. ತಣ್ಣನೆಯ ಘನ ಕೊಡಲಾರದೆ ಹೋಗುವುದು ಆ ನಡೆಗಳಲ್ಲಿಯೇ ಕಾಣುತ್ತದೆ.

ಶಕ್ತಿ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಶಾಖ ಹರಿಯುತ್ತದೆ ಎಂಬ ತಪ್ಪು ತಿಳಿವಳಿಕೆ ಬೇರೂರದಂತೆ ಮಣೆಯ ಗೆರೆಯನ್ನು ಸರಿಸುತ್ತೇನೆ: ‘ಅ’ಕ್ಕೆ ಎರಡೇ ಗುಳಿ, ‘ಬ’ಕ್ಕೆ ನಾಲ್ಕು. ಎರಡಕ್ಕೂ ಮೂರು ಮೂರು ಬೀಜ ಕೊಟ್ಟು ಶುರು ಮಾಡಿದರೆ ಶಕ್ತಿ ಸಮವಾಗಿದ್ದರೂ ಅದು ‘ಅ’ದಿಂದ ‘ಬ’ಕ್ಕೆ ಹೋಗುತ್ತದೆ. ‘ಅ’ದಲ್ಲಿ ಮೂರಿದ್ದಾಗ 80 ಸ್ಥಿತಿಗಳು, ಎರಡಿದ್ದಾಗ 105, ಒಂದಿದ್ದಾಗ 112. ಸರಾಸರಿ ಎರಡು ಬೀಜ, ಆದರೆ ಶಿಖರ ಒಂದರಲ್ಲಿ. ಇಷ್ಟು ಚಿಕ್ಕ ಘನದಲ್ಲಿ ಶಿಖರವೂ ಸರಾಸರಿಯೂ ಒಂದೇ ಕಡೆ ಬರಬೇಕೆಂದಿಲ್ಲ. ಈ ಸಂಗತಿಯನ್ನು ನಾನು ಮುಚ್ಚಿಡುವುದಿಲ್ಲ.

ಪ್ರತಿ ವರ್ಷವೂ ಯಾರಾದರೂ ಕೇಳುವ ಪ್ರಶ್ನೆ: ‘ಸರ್, ನೂರಕ್ಕೆ ಆರು ಸಲ ಶಾಖವೆಲ್ಲ ‘ಅ’ಕ್ಕೇ ಮರಳುತ್ತದಲ್ಲ, ಉಷ್ಣಗತಿಶಾಸ್ತ್ರದ ಎರಡನೆಯ ನಿಯಮ ಎಲ್ಲಿ ಹೋಯಿತು?’ ಹೊರಗಿನಿಂದ ಬಂದ ಪರೀಕ್ಷಕರೊಬ್ಬರೂ ಇದನ್ನೇ ಎತ್ತಿ ಪ್ರಯೋಗಕ್ಕೆ ಅಂಕ ಕೊಡಲು ಹಿಂದೇಟು ಹಾಕಿದ್ದರು. ಆರು ಗುಳಿಯ ಮಣೆಯಲ್ಲಿ ಮರಳುವಿಕೆ ನಿಜವಾಗಿಯೂ ನಡೆಯುತ್ತದೆ, ಅದನ್ನು ನೋಡಲೆಂದೇ ಮಣೆ ಚಿಕ್ಕದಿದೆ. ಗುಳಿಗಳನ್ನು ಹತ್ತು ಪಟ್ಟು ಮಾಡಿ, ಒಂದೊಂದು ಘನಕ್ಕೆ ಮೂವತ್ತರಂತೆ ಇಟ್ಟು, ಅರವತ್ತು ಬೀಜ ಹಾಕಿ ಲೆಕ್ಕ ಮಾಡಿಸಿದೆ. ಅರವತ್ತೂ ‘ಅ’ದಲ್ಲಿ ಕೂಡುವ ಸಾಧ್ಯತೆ ಸುಮಾರು ಇಪ್ಪತ್ತು ಸಾವಿರ ಕೋಟಿಗೆ ಒಂದು. ಪರೀಕ್ಷಕರು ಲೆಕ್ಕವನ್ನು ತಾವೇ ಮತ್ತೊಮ್ಮೆ ಮಾಡಿ ನೋಡಿ ಅಂಕ ಬರೆದರು.

ಒಂದೇ ಅವಧಿಯಲ್ಲಿ ಇಷ್ಟು ನಡೆಗಳನ್ನು ಮುಗಿಸಲು ಪಟ್ಟಿ ಬರೆಯುವವನನ್ನು ಎಲ್ಲಿ ಕೂರಿಸುತ್ತೇನೆ, ಎಸೆತವನ್ನು ಹೇಗೆ ಹಂಚುತ್ತೇನೆ ಎಂಬುದನ್ನು ಸದ್ಯ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಮುಂದಿನ ಸೆಮಿಸ್ಟರಿನಲ್ಲಿ ಮಣೆಯನ್ನು ಎರಡೆರಡು ಗುಳಿಯ ಮೂರು ಘನಗಳಾಗಿ ಒಡೆದು, ನಡುವಿನದನ್ನು ದಾಟಿಯೇ ಬೀಜ ಹೋಗಬೇಕೆಂಬ ನಿಯಮ ಹಾಕಿ ನೋಡುವವನಿದ್ದೇನೆ.